ಕರೆನ್ಸಿ ಆಪ್ಷನ್‌ನ ದರ ಓದುವುದು ಹೇಗೆ: ಪ್ರೀಮಿಯಂನ ಶೇಕಡಾ, ಡೆಲ್ಟಾದ ಅರ್ಥ

ಎರಡು ಕರೆನ್ಸಿಗಳ ಜೋಡಿಯ ಮೇಲಿನ ಆಪ್ಷನ್‌ಗೆ ದರ ಕೇಳಿದಾಗ ಬ್ಯಾಂಕಿನಿಂದ ಬರುವ ಉತ್ತರ ಐದಾರು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಅವುಗಳಲ್ಲಿ ಹೆಚ್ಚು ಎಡವಟ್ಟಿಗೆ ಕಾರಣವಾಗುವುದು ಎರಡು ಅಂಕಿಗಳು: ಪ್ರೀಮಿಯಂ ಮತ್ತು ಡೆಲ್ಟಾ. ಎರಡನ್ನೂ ಶೇಕಡಾ ಲೆಕ್ಕದಲ್ಲಿ ಹೇಳಲಾಗುತ್ತದೆ, ಮತ್ತು ಎರಡರಲ್ಲೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಕರೆನ್ಸಿಯ ಮೊತ್ತದ ಮೇಲಿನ ಶೇಕಡಾ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ದರದ ಉಳಿದ ಭಾಗವೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಯೂರೊ–ಡಾಲರ್ ಜೋಡಿಯ ಮೇಲಿನ ಒಂದು ಕಾಲ್ಪನಿಕ ದರವನ್ನು ತೆಗೆದುಕೊಂಡು ಸಾಲು ಸಾಲಾಗಿ ಓದೋಣ.

```
EUR/USD   3M   NY CUT
EUR CALL / USD PUT     STRIKE 1.1200
AMOUNT EUR 1,000,000   SPOT REF 1.1000
VOL 7.75 / 8.00
PREMIUM 0.98 / 1.03  % EUR
DELTA 37
```

ಮೊದಲು ಒಪ್ಪಂದವನ್ನು ಗುರುತಿಸಿಕೊಳ್ಳಿ

ಜೋಡಿಯಲ್ಲಿ ಮೊದಲು ಬರೆದಿರುವ ಯೂರೊ ಮೂಲ ಕರೆನ್ಸಿ. ಒಂದು ಯೂರೊಗೆ ಎಷ್ಟು ಡಾಲರ್ ಎಂಬುದನ್ನು ದರ ಹೇಳುತ್ತದೆ. ಎರಡನೆಯ ಸಾಲಿನಲ್ಲಿ ಕಾಲ್ ಮತ್ತು ಪುಟ್ ಎರಡೂ ಒಟ್ಟಿಗೆ ಇರುವುದನ್ನು ಕಂಡು ಗೊಂದಲಗೊಳ್ಳಬೇಕಾಗಿಲ್ಲ. ಯೂರೊವನ್ನು ಕೊಳ್ಳುವ ಹಕ್ಕು ಎಂದರೆ ಅದೇ ಹೊತ್ತಿಗೆ ಡಾಲರನ್ನು ಮಾರುವ ಹಕ್ಕೂ ಹೌದು. ಆದ್ದರಿಂದ ಇದು ಒಂದೇ ಆಪ್ಷನ್, ಎರಡು ಕಡೆಯಿಂದ ಹೇಳಿದ್ದು. ಇದನ್ನು ಕೊಂಡವರು ಮೂರು ತಿಂಗಳ ನಂತರ, ನ್ಯೂಯಾರ್ಕ್ ಸಮಯ ಬೆಳಗಿನ 10 ಗಂಟೆಯ ಗಡುವಿನಲ್ಲಿ, 10 ಲಕ್ಷ ಯೂರೊವನ್ನು ತಲಾ 1.1200 ಡಾಲರ್‌ನಂತೆ ಕೊಳ್ಳಬಹುದು, ಬೇಡವಾದರೆ ಬಿಟ್ಟುಬಿಡಬಹುದು. ಅಂದರೆ ಒಪ್ಪಂದಕ್ಕೆ ಎರಡು ಮೊತ್ತಗಳಿವೆ: ಒಂದು ಕಡೆ 10 ಲಕ್ಷ ಯೂರೊ, ಇನ್ನೊಂದು ಕಡೆ ಸ್ಟ್ರೈಕ್ ದರದಿಂದ ಗುಣಿಸಿದ 11,20,000 ಡಾಲರ್. ಈ ಎರಡನೆಯ ಮೊತ್ತವನ್ನು ದರದಲ್ಲಿ ಯಾರೂ ಬರೆಯುವುದಿಲ್ಲ. ಓದುವವರೇ ಲೆಕ್ಕ ಹಾಕಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದೆ ಅದರ ಅಗತ್ಯ ಬೀಳುತ್ತದೆ.

ಪ್ರೀಮಿಯಂ ಸಾಲಿನ ಎರಡು ಅಂಕಿಗಳಲ್ಲಿ ಎಡಗಡೆಯದು ಬ್ಯಾಂಕ್ ಕೊಳ್ಳುವ ದರ, ಬಲಗಡೆಯದು ಮಾರುವ ದರ. ನಾವು ಕೊಳ್ಳುವವರಾದ್ದರಿಂದ ನಮಗೆ ಅನ್ವಯಿಸುವುದು 1.03. ಅದರ ಮೇಲಿನ ಸಾಲಿನಲ್ಲಿರುವುದು ಏರಿಳಿತದ ದರ, ಅಂದರೆ ವೊಲಟಿಲಿಟಿ. ಬ್ಯಾಂಕುಗಳು ತಮ್ಮತಮ್ಮಲ್ಲಿ ವ್ಯವಹರಿಸುವಾಗ ಮೊದಲು ಇದನ್ನೇ ಹೇಳಿಕೊಳ್ಳುತ್ತವೆ; ಬಳಿಕ ಎರಡೂ ಕರೆನ್ಸಿಗಳ ಬಡ್ಡಿದರವನ್ನು ಸೇರಿಸಿ, ಗಾರ್ಮನ್ ಮತ್ತು ಕೋಲ್‌ಹೇಗನ್ 1983ರಲ್ಲಿ ಪ್ರಕಟಿಸಿದ ಸೂತ್ರದ ಮೂಲಕ ಪ್ರೀಮಿಯಂ ತೆಗೆಯಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಡಾಲರ್ ಬಡ್ಡಿ ಶೇ 4.5, ಯೂರೊ ಬಡ್ಡಿ ಶೇ 2.5 ಎಂದು ಇಟ್ಟುಕೊಂಡಿದ್ದೇವೆ.

ಪ್ರೀಮಿಯಂ: ಶೇಕಡಾವನ್ನು ಹಣವಾಗಿಸುವುದು

ಅಂಕಿಯ ಮುಂದೆ `% EUR` ಎಂದಿದೆ. ಆದ್ದರಿಂದ ಇದು ಯೂರೊ ಮೊತ್ತದ ಶೇ 1.03. ಹತ್ತು ಲಕ್ಷಕ್ಕೆ ಲೆಕ್ಕ ಹಾಕಿದರೆ ಕೊಡಬೇಕಾದುದು 10,300 ಯೂರೊ. ಇದು ವಾರ್ಷಿಕ ದರವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪಕ್ಕದಲ್ಲೇ ಇರುವ ವೊಲಟಿಲಿಟಿ ವಾರ್ಷಿಕ ಲೆಕ್ಕದ್ದಾಗಿರುವುದರಿಂದ ಪ್ರೀಮಿಯಂ ಕೂಡ ಹಾಗೆಯೇ ಇರಬಹುದೆಂದು ಭಾವಿಸಿ ಅದನ್ನು ನಾಲ್ಕರಿಂದ ಭಾಗಿಸುವವರಿದ್ದಾರೆ. ಶೇ 1.03 ಎಂಬುದು ಪೂರ್ತಿ ಮೂರು ತಿಂಗಳ ಹಕ್ಕಿಗೆ ಒಂದೇ ಸಲ ಕೊಡುವ ಹಣ, ಮತ್ತು ಸಾಮಾನ್ಯವಾಗಿ ಅದನ್ನು ಪಾವತಿಸುವುದು ವಹಿವಾಟು ನಡೆದು ಎರಡು ಕೆಲಸದ ದಿನಗಳ ನಂತರ.

ಇದೇ ಹಣವನ್ನು ಡಾಲರಿನಲ್ಲಿ ನೋಡಬೇಕಾದರೆ ಸ್ಪಾಟ್ ದರದಿಂದ, ಅಂದರೆ 1.1000ರಿಂದ, ಗುಣಿಸಬೇಕು: 11,330 ಡಾಲರ್. ಇಲ್ಲಿ ಸ್ಟ್ರೈಕ್ ದರವನ್ನು ಬಳಸಬಾರದು. ಪ್ರೀಮಿಯಂ ಈಗ ಕೈಬದಲಾಗುವ ಹಣ, ಅದಕ್ಕೆ ಈಗಿನ ದರವೇ ಸಲ್ಲುತ್ತದೆ. ಒಂದು ಯೂರೊಗೆ ಹಂಚಿದರೆ 0.01133 ಡಾಲರ್, ಅಂದರೆ ಸುಮಾರು 113 ಪಿಪ್. ದಶಮಾಂಶದ ನಾಲ್ಕನೆಯ ಸ್ಥಾನದ ಒಂದು ಅಂಕಿಗೆ ಈ ಜೋಡಿಯಲ್ಲಿ ಪಿಪ್ ಎನ್ನುತ್ತಾರೆ. ಕೊನೆಯ ದಿನ ಎಷ್ಟಕ್ಕೆ ಅಸಲು ಬರುತ್ತದೆ ಎಂಬುದನ್ನು ತಿಳಿಯಲು ಈ ರೂಪವೇ ಅನುಕೂಲ: 1.1200ಕ್ಕೆ 113 ಪಿಪ್ ಕೂಡಿಸಿದರೆ 1.1313. ಯೂರೊ ಅದಕ್ಕಿಂತ ಮೇಲಿದ್ದರೆ ಮಾತ್ರ, ಪ್ರೀಮಿಯಂ ಮೇಲಿನ ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದಾಗ, ಕೊಂಡವರಿಗೆ ಲಾಭ.

ಇನ್ನು ಡಾಲರ್ ಮೊತ್ತದ ಶೇಕಡಾ ಎಷ್ಟು? ಈ 11,330 ಡಾಲರನ್ನು, ಪಕ್ಕದಲ್ಲಿ ಬರೆದಿಟ್ಟುಕೊಂಡ 11,20,000 ಡಾಲರ್‌ನಿಂದ ಭಾಗಿಸಿದರೆ ಶೇ 1.01 ಬರುತ್ತದೆ. ಹಣ ಅಷ್ಟೇ, ಆದರೆ ಅಂಕಿ ಬೇರೆ. ಸ್ಟ್ರೈಕ್ ದರ ಸ್ಪಾಟ್ ದರಕ್ಕಿಂತ ದೂರವಾದಷ್ಟೂ ಈ ಎರಡು ಶೇಕಡಾಗಳ ನಡುವಿನ ಅಂತರ ಹೆಚ್ಚುತ್ತದೆ.

ಈ ಅಂತರ ಎಲ್ಲಿ ನಷ್ಟ ತರುತ್ತದೆ ನೋಡಿ. ಇನ್ನೊಂದು ಬ್ಯಾಂಕ್ ಅದೇ ಆಪ್ಷನ್‌ಗೆ `1.02 % USD` ಎಂದು ದರ ಹೇಳಿತೆನ್ನಿ. ಅಂಕಿಯನ್ನಷ್ಟೇ ನೋಡಿದರೆ 1.03ಕ್ಕಿಂತ 1.02 ಅಗ್ಗ. ಆದರೆ 11,20,000 ಡಾಲರಿನ ಶೇ 1.02 ಎಂದರೆ 11,424 ಡಾಲರ್. ಮೊದಲನೆಯ ಬ್ಯಾಂಕಿಗಿಂತ 94 ಡಾಲರ್ ಹೆಚ್ಚು. ಎರಡು ದರಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಕರೆನ್ಸಿಯ ಹಣವಾಗಿ ಬದಲಿಸಿದ ಮೇಲೆಯೇ ಹೋಲಿಸಬೇಕು. ಶೇಕಡಾದಲ್ಲೇ ಬದಲಿಸಿಕೊಳ್ಳಬೇಕೆಂದಿದ್ದರೆ ಈ ಸೂತ್ರ ಸಾಕು:

```
%EUR = %USD × STRIKE / SPOT
```

ಡೆಲ್ಟಾ ಏನನ್ನು ಹೇಳುತ್ತದೆ

ಸ್ಪಾಟ್ ದರ ಸ್ವಲ್ಪ ಸರಿದಾಗ ಆಪ್ಷನ್‌ನ ಬೆಲೆ ಅದರ ಎಷ್ಟು ಪಾಲು ಸರಿಯುತ್ತದೆ ಎಂಬುದೇ ಡೆಲ್ಟಾ. ನಮ್ಮ ಆಪ್ಷನ್‌ನ ಬೆಲೆಯನ್ನು ಡಾಲರಿನಲ್ಲಿ ನೋಡಿದರೆ ಡೆಲ್ಟಾ ಸುಮಾರು 38. ಯೂರೊ 1.1000ರಿಂದ 1.1010ಕ್ಕೆ, ಅಂದರೆ 10 ಪಿಪ್ ಏರಿದರೆ, ಆಪ್ಷನ್‌ನ ಬೆಲೆ ಸುಮಾರು 3.8 ಪಿಪ್ ಏರುತ್ತದೆ; 10 ಲಕ್ಷ ಯೂರೊಗೆ ಅದು 380 ಡಾಲರ್. ವ್ಯಾಪಾರಿಯ ದೃಷ್ಟಿಯಲ್ಲಿ ಇದೇ ಮಾತಿಗೆ ಇನ್ನೊಂದು ರೂಪವಿದೆ: ಈ ಆಪ್ಷನ್ ಕೈಯಲ್ಲಿದ್ದರೆ, ಸದ್ಯದ ಮಟ್ಟಿಗೆ, 3,80,000 ಯೂರೊ ಕೊಂಡಿಟ್ಟುಕೊಂಡಷ್ಟೇ ಪರಿಣಾಮ. ಆ ಪರಿಣಾಮವನ್ನು ಅಳಿಸಬೇಕೆಂದರೆ ಅಷ್ಟು ಯೂರೊವನ್ನು ಸ್ಪಾಟ್‌ನಲ್ಲಿ ಮಾರಬೇಕು. ಡೆಲ್ಟಾ ಕೂಡ ಒಪ್ಪಂದದ ಮೊತ್ತದ ಶೇಕಡಾ ಎಂದು ಹೇಳಿದ್ದು ಈ ಅರ್ಥದಲ್ಲಿ.

ಹಾಗಾದರೆ ತೆರೆಯ ಮೇಲೆ 37 ಏಕೆ ಇದೆ? ಇಲ್ಲಿ ಪ್ರೀಮಿಯಂನ ಕರೆನ್ಸಿ ಮತ್ತೆ ಎದುರಾಗುತ್ತದೆ. ದರದ ಪ್ರಕಾರ ಪ್ರೀಮಿಯಂ ಕೊಡುವುದು ಯೂರೊದಲ್ಲಿ. ಲೆಕ್ಕವನ್ನು ಡಾಲರಿನಲ್ಲಿ ಇಡುವ ವ್ಯಾಪಾರಿ 10,300 ಯೂರೊ ಕೊಟ್ಟನೆಂದರೆ ಅಷ್ಟು ಯೂರೊ ಅವನ ಖಾತೆಯಿಂದ ಆಗಲೇ ಹೋದಂತಾಯಿತು. ದಶಮಾಂಶ ಬಿಡದೆ ಹೇಳುವುದಾದರೆ ಅವನು ಮಾರಬೇಕಿದ್ದದ್ದು ಸುಮಾರು 3,77,600 ಯೂರೊ. ಅದರಲ್ಲಿ 10,300 ಕಳೆದರೆ ಉಳಿಯುವುದು 3,67,300. ಅದೇ ಶೇ 36.7, ತೆರೆಯ ಮೇಲಿನ 37. ಇದನ್ನು ಪ್ರೀಮಿಯಂ ಕಳೆದ ಡೆಲ್ಟಾ ಎನ್ನಬಹುದು. ಎರಡು ಡೆಲ್ಟಾಗಳ ನಡುವಿನ ವ್ಯತ್ಯಾಸ, ಮೂಲ ಕರೆನ್ಸಿಯ ಶೇಕಡಾದಲ್ಲಿ ಹೇಳಿದ ಪ್ರೀಮಿಯಂನಷ್ಟೇ ಇರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಉಪಯುಕ್ತವೆನಿಸುವುದು ಈ ಒಂದು ಸಂಬಂಧ, ಏಕೆಂದರೆ ಬಂದ ದರ ತನ್ನೊಳಗೆ ತಾನೇ ಹೊಂದುತ್ತದೆಯೇ ಎಂದು ಇದರಿಂದ ಕ್ಷಣದಲ್ಲಿ ಪರೀಕ್ಷಿಸಬಹುದು. ಇಲ್ಲಿ ವ್ಯತ್ಯಾಸ ಒಂದು ಅಂಶ ಮಾತ್ರ. ದೀರ್ಘ ಅವಧಿಯ ಆಪ್ಷನ್‌ನಲ್ಲಿ ಪ್ರೀಮಿಯಂ ಶೇ 6 ಇದ್ದರೆ ಡೆಲ್ಟಾ 55ರ ಬದಲು 49 ಆಗುತ್ತದೆ, ಆಗ ತಪ್ಪು ಅಂಕಿ ಹಿಡಿದು ಸ್ಪಾಟ್ ಮಾರಿದವರಿಗೆ ಮೊತ್ತದ ಶೇ 6ರಷ್ಟು ಹೆಚ್ಚುಕಡಿಮೆಯಾಗುತ್ತದೆ.

ಮಾರುಕಟ್ಟೆಯ ರೂಢಿಯಲ್ಲಿ ಯೂರೊ–ಡಾಲರ್ ಆಪ್ಷನ್‌ಗಳಿಗೆ ಪ್ರೀಮಿಯಂ ಡಾಲರಿನಲ್ಲಿ, ಆದ್ದರಿಂದ ಡೆಲ್ಟಾವನ್ನು ಕಳೆಯದೆ ಹೇಳುತ್ತಾರೆ. ಡಾಲರ್–ಯೆನ್ ಜೋಡಿಯಲ್ಲಿ ಡಾಲರೇ ಮೂಲ ಕರೆನ್ಸಿ, ಪ್ರೀಮಿಯಂ ಕೂಡ ಡಾಲರಿನಲ್ಲೇ. ಹಾಗಾಗಿ ಅಲ್ಲಿ ಕಳೆದ ಡೆಲ್ಟಾವೇ ರೂಢಿ. ನಮ್ಮ ದರದಂತೆ ಗ್ರಾಹಕರು ಬೇರೆ ಕರೆನ್ಸಿಯಲ್ಲಿ ಪ್ರೀಮಿಯಂ ಕೇಳಿದಾಗ ಯಾವ ಡೆಲ್ಟಾ ತೋರಿಸಿದ್ದಾರೆ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಡೆಲ್ಟಾವನ್ನು ಬಳಸುವುದು, ಅದರ ಮಿತಿ

ದರದಲ್ಲಿ `SPOT REF 1.1000` ಎಂದಿರುವುದು ಅಲಂಕಾರಕ್ಕಲ್ಲ. ಉತ್ತರಿಸುವಷ್ಟರಲ್ಲಿ ಯೂರೊ 1.1030ಕ್ಕೆ ಏರಿತೆನ್ನಿ. ಏರಿದ್ದು 30 ಪಿಪ್; ಅದರ ಶೇ 38 ಎಂದರೆ ಸುಮಾರು 11 ಪಿಪ್. ಹಾಗಾಗಿ ಹೊಸ ಪ್ರೀಮಿಯಂ ಸುಮಾರು 125 ಪಿಪ್ ಆಗಿರಬೇಕು. ಬ್ಯಾಂಕ್ 140 ಪಿಪ್ ಕೇಳಿದರೆ, ಉಳಿದ 15 ಪಿಪ್ ಸ್ಪಾಟ್ ಏರಿಕೆಯಿಂದ ಬಂದದ್ದಲ್ಲ. ಅದು ವೊಲಟಿಲಿಟಿಯನ್ನು ಏರಿಸಿದ್ದರಿಂದಲೋ ಅಥವಾ ಬ್ಯಾಂಕ್ ತನ್ನ ಲಾಭವನ್ನು ಹೆಚ್ಚಿಸಿದ್ದರಿಂದಲೋ ಬಂದಿದೆ, ಮತ್ತು ಅದನ್ನು ಪ್ರಶ್ನಿಸುವ ಹಕ್ಕು ಕೊಳ್ಳುವವರಿಗಿದೆ.

ಆದರೆ ಈ ಲೆಕ್ಕ ಸಣ್ಣ ಚಲನೆಗೆ ಮಾತ್ರ ಸಲ್ಲುತ್ತದೆ. ಸ್ಪಾಟ್ ಚಲಿಸಿದಂತೆ ಡೆಲ್ಟಾವೇ ಬದಲಾಗುತ್ತದೆ: ಯೂರೊ ಇಂದೇ 1.1100 ತಲುಪಿದರೆ ನಮ್ಮ ಡಾಲರ್ ಲೆಕ್ಕದ ಡೆಲ್ಟಾ 38ರಿಂದ ಸುಮಾರು 46.5ಕ್ಕೆ ಏರಿರುತ್ತದೆ.

ಡೆಲ್ಟಾ 38 ಎಂದರೆ ಆಪ್ಷನ್ ಕೊನೆಗೆ ಉಪಯೋಗಕ್ಕೆ ಬರುವ ಸಾಧ್ಯತೆ ಶೇ 38 ಎಂದು ಹೇಳುವುದನ್ನು ಬಹಳ ಕೇಳುತ್ತೇವೆ. ಅದೇ ಸೂತ್ರದಲ್ಲಿ ಆ ಸಾಧ್ಯತೆಗೆ ಪ್ರತ್ಯೇಕ ಅಂಕಿಯಿದೆ, ನಮ್ಮ ಉದಾಹರಣೆಯಲ್ಲಿ ಅದು ಶೇ 36.5. ಮೂರು ತಿಂಗಳಿಗೆ ಎರಡೂ ಹತ್ತಿರವಿರುವುದರಿಂದ ಅಂದಾಜಿಗೆ ತೊಂದರೆಯಿಲ್ಲ. ಅವಧಿ ಮತ್ತು ವೊಲಟಿಲಿಟಿ ಹೆಚ್ಚಿದಷ್ಟೂ ಅಂತರ ಬೆಳೆಯುತ್ತದೆ. ಅಲ್ಲದೆ ಆ ಶೇ 36.5 ಕೂಡ ಬಡ್ಡಿದರ ಮತ್ತು ವೊಲಟಿಲಿಟಿಯಿಂದ ಹುಟ್ಟಿದ ಬೆಲೆಯೊಳಗಿನ ಅಂಕಿಯೇ ಹೊರತು ಯೂರೊ ಎತ್ತ ಸಾಗುತ್ತದೆ ಎಂಬ ಭವಿಷ್ಯವಲ್ಲ.

ಕೆಲವು ದರಗಳಲ್ಲಿ ಸ್ಟ್ರೈಕ್ ಇರುವುದೇ ಇಲ್ಲ. `3M 25D EUR CALL 8.10` ಎಂದಷ್ಟೇ ಇರುತ್ತದೆ; ಕೊನೆಯ 8.10 ವೊಲಟಿಲಿಟಿ. ಡೆಲ್ಟಾ 25 ಆಗುವಂತೆ ಸ್ಟ್ರೈಕ್ ಅನ್ನು ಲೆಕ್ಕ ಹಾಕಿ ಇಡಲಾಗುವುದು ಎಂದು ಅದರ ಅರ್ಥ. ಪ್ರೀಮಿಯಂ ಕಳೆದ ಡೆಲ್ಟಾ ಹಿಡಿದರೆ ಒಂದು ಸ್ಟ್ರೈಕ್, ಕಳೆಯದ ಡೆಲ್ಟಾ ಹಿಡಿದರೆ ಅದಕ್ಕಿಂತ ಮೇಲಿನ ಇನ್ನೊಂದು ಸ್ಟ್ರೈಕ್ ಬರುತ್ತದೆ. ಆದ್ದರಿಂದ ಇಂಥ ದರಕ್ಕೆ ಒಪ್ಪಿಗೆ ಕೊಡುವ ಮೊದಲು ಸ್ಟ್ರೈಕ್ ದರವನ್ನು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಬರೆಸಿಕೊಳ್ಳಬೇಕು.