十分 ಎಂದರೆ ಹತ್ತು ನಿಮಿಷವಲ್ಲ: ಜಪಾನಿ ದಾಖಲೆಯ ಅಂಕಿಗಳ ಜೊತೆ ನನ್ನ ಅನುಭವ

ಒಂದೇ ಒಂದು ಸಾಲಿನಿಂದ ಶುರು ಮಾಡ್ತೀನಿ. ಪ್ಲಾಸ್ಟಿಕ್ ಬಿಡಿಭಾಗ ತಯಾರಿಸುವ ಅಚ್ಚಿನ ನಿರ್ವಹಣೆ ಬಗ್ಗೆ ಇದ್ದ ಒಂದು ಜಪಾನಿ ಕೈಪಿಡಿಯಲ್ಲಿ ಹೀಗೆ ಬರೆದಿತ್ತು: 「金型を十分冷却してから分解する」. ಅಚ್ಚು ಸಾಕಷ್ಟು ತಣ್ಣಗಾದ ಮೇಲೆ ಬಿಚ್ಚಿ ಅಂತ ಅರ್ಥ. ನನ್ನ ಕೈ ದಾಟಿ ಹೋಗುವಾಗ ಅದು 「金型を10分冷却してから分解する」 ಆಗಿತ್ತು. ಹತ್ತು ನಿಮಿಷ ತಣ್ಣಗಾಗಿಸಿ ಬಿಚ್ಚಿ. ವ್ಯಾಕರಣ ಸರಿ, ವಾಕ್ಯ ಸಹಜ, ಓದಿದವರಿಗೆ ಯಾವ ಅನುಮಾನವೂ ಬರುವುದಿಲ್ಲ. ಆದರೆ ಬಿಸಿ ಅಚ್ಚು ಹತ್ತು ನಿಮಿಷಕ್ಕೆ ಆರುವುದಿಲ್ಲ. ಯಾರೋ ಒಬ್ಬರು ಅದನ್ನು ನಂಬಿ ಬರಿಗೈಯಲ್ಲಿ ಮುಟ್ಟಿದ್ದರೆ ಕೈ ಸುಟ್ಟುಕೊಳ್ಳುತ್ತಿದ್ದರು.

ನಾನು ಬೆಂಗಳೂರಿನಲ್ಲಿ ಕೂತು ಜಪಾನಿ ದಾಖಲೆಗಳನ್ನು ಅನುವಾದಿಸುವ, ತಿದ್ದುವ ಕೆಲಸ ಮಾಡುತ್ತೇನೆ. ಈ ಕೈಪಿಡಿ ಹಳೆಯದು, ಯಾರೋ ಹಿರಿಯರು ಎಲ್ಲಾ ಸಂಖ್ಯೆಗಳನ್ನೂ ಕಾಂಜಿಯಲ್ಲೇ, ಅಂದರೆ ಚೀನಾದಿಂದ ಬಂದ ಪದಾಕ್ಷರಗಳಲ್ಲೇ ಬರೆದಿದ್ದರು: 二十本, 三十五個, ಹೀಗೆ. ಗ್ರಾಹಕರ ಕಡೆಯಿಂದ ಬಂದ ಸೂಚನೆ ಚಿಕ್ಕದು, ಅಡ್ಡ ಬರವಣಿಗೆಯಲ್ಲಿ ಸಂಖ್ಯೆಗಳೆಲ್ಲಾ 1, 2, 3 ಅಂಕಿಗಳಲ್ಲಿ ಇರಲಿ ಅಂತ. ಮೂವತ್ತೆಂಟು ಪುಟ, ಮರುದಿನ ಸಂಜೆ ಕೊಡಬೇಕು. ನಾನು ಹುಡುಕಿ ಬದಲಿಸುವ ಕಿಟಕಿ ತೆರೆದು 一 ಇದ್ದಲ್ಲಿ 1, 二 ಇದ್ದಲ್ಲಿ 2, ಹಾಗೇ ಮುಂದುವರಿದು 十 ಇದ್ದಲ್ಲಿ 10 ಹಾಕಿದೆ.

ಇಲ್ಲಿ ಕನ್ನಡದವರಾದ ನಮಗೆ ಒಂದು ಅಭ್ಯಾಸ ಅಡ್ಡ ಬರುತ್ತದೆ. ಕನ್ನಡ ಅಂಕಿ ೨೦ ಅನ್ನು ಒಂದೊಂದೇ ಅಕ್ಷರ ಬದಲಿಸಿದರೆ 20 ಆಗುತ್ತದೆ, ಏನೂ ಕೆಡುವುದಿಲ್ಲ. ಏಕೆಂದರೆ ೨ ಮತ್ತು ೦ ಎರಡೂ ಅಂಕಿಗಳೇ. ಕಾಂಜಿಯ 十 ಅಂಕಿಯಲ್ಲ, ಅದು "ಹತ್ತು" ಎನ್ನುವ ಪದ. 二十 ಎಂದರೆ ಎರಡು ಹತ್ತು. ಅಕ್ಷರಕ್ಕೆ ಅಕ್ಷರ ಬದಲಿಸಿದಾಗ 二十本 ಹೋಗಿ 210本 ಆಯಿತು. ಇಪ್ಪತ್ತು ಬೋಲ್ಟು ಇನ್ನೂರ ಹತ್ತಾದವು! 三十五 ಹೋಗಿ 3105 ಆಯಿತು. ಇವು ದೊಡ್ಡ ತಪ್ಪುಗಳು, ಆದರೆ ಕಣ್ಣಿಗೆ ಬೀಳುತ್ತವೆ. ಏಕರೂಪ ಎಂಬರ್ಥದ 統一 ಪದ 統1 ಆಗಿದ್ದು, ಸಾಮಾನ್ಯ ಎಂಬರ್ಥದ 一般 ಪದ 1般 ಆಗಿದ್ದು ಕೂಡ ತಕ್ಷಣ ಕಾಣಿಸಿತು, ಅವನ್ನೆಲ್ಲ ಆ ರಾತ್ರಿಯೇ ಸರಿ ಮಾಡಿದೆ. ಸಿಗದೇ ಉಳಿದದ್ದು ಬದಲಾದ ಮೇಲೂ ಚೆನ್ನಾಗಿಯೇ ಓದಿಸಿಕೊಳ್ಳುವ ಸಾಲುಗಳು.

ಅಂಥವು ನಾಲ್ಕು ಪದಗಳ ಸುತ್ತ ಇದ್ದವು. ಒಂದು, ಮೇಲೆ ಹೇಳಿದ 十分. ಇನ್ನೊಂದು 一度: 「温度を一度下げてから」 ಎಂದರೆ ಉಷ್ಣತೆಯನ್ನು ಒಮ್ಮೆ ಇಳಿಸಿ ಆಮೇಲೆ ಮುಂದಿನದು ಮಾಡಿ ಅಂತ. ಅದು 1度 ಆದರೆ ಒಂದು ಡಿಗ್ರಿ ಇಳಿಸಿ ಅಂತ. ಮೂರನೆಯದು 一時. 一時停止 ಎಂದರೆ ತಾತ್ಕಾಲಿಕ ನಿಲುಗಡೆ, 1時停止 ಎಂದರೆ ಗಡಿಯಾರದಲ್ಲಿ ಒಂದು ಗಂಟೆಯಾದಾಗ ನಿಲ್ಲಿಸುವುದು. ನಾಲ್ಕನೆಯದು ಆಫೀಸಿನ ಕಾಗದಗಳಲ್ಲಿ ಅತಿ ಜಾಸ್ತಿ ಸಿಗುವ 一部. ಕಾಂಜಿಯಲ್ಲಿದ್ದರೆ ಸಾಮಾನ್ಯವಾಗಿ "ಸ್ವಲ್ಪ ಭಾಗ", ಅಂಕಿಯಲ್ಲಿ 1部 ಎಂದರೆ "ಒಂದು ಪ್ರತಿ". ನಕ್ಷೆಗಳಲ್ಲಿ ಕೆಲವನ್ನು ಮಾತ್ರ ಲಗತ್ತಿಸಿದ್ದೇವೆ ಎನ್ನುವ ಸಾಲು, ನಕ್ಷೆಯ ಒಂದು ಪ್ರತಿ ಲಗತ್ತಿಸಿದ್ದೇವೆ ಎಂದಾಗಿತ್ತು.

ತಪ್ಪು ಹಿಡಿದವರು ಜಪಾನಿನಲ್ಲಿದ್ದ ಹಿರಿಯ ಸಹೋದ್ಯೋಗಿ. ದಾಖಲೆ ಕಾರ್ಖಾನೆಯ ನೆಲ ಮುಟ್ಟುವ ಮೊದಲೇ ಫೋನ್ ಮಾಡಿ, "ಈ ಹತ್ತು ನಿಮಿಷ ಎಲ್ಲಿಂದ ಬಂತು, ಯಾರಾದರೂ ಅಳೆದು ನೋಡಿದ್ದಾರಾ?" ಎಂದು ಕೇಳಿದರು. ಅವರಿಗೆ ಅನುಮಾನ ಬಂದದ್ದು ಭಾಷೆಯಿಂದಲ್ಲ, ಅಚ್ಚಿನ ಅನುಭವದಿಂದ. ಭಾಷೆ ಮಾತ್ರ ಗೊತ್ತಿದ್ದವರಿಗೆ ಅದು ಸಿಗುತ್ತಿರಲಿಲ್ಲ, ನನಗಂತೂ ಸಿಕ್ಕಿರಲಿಲ್ಲ.

ಆಮೇಲೆ ಅವರು ಒಂದು ಪರೀಕ್ಷೆ ಹೇಳಿಕೊಟ್ಟರು. ಆ ಜಾಗದಲ್ಲಿ ಬೇರೆ ಸಂಖ್ಯೆ ಹಾಕಿ ನೋಡು, ಅರ್ಥ ಉಳಿದರೆ ಅಂಕಿ, ಉಳಿಯದಿದ್ದರೆ ಕಾಂಜಿ. 三個 ಇದ್ದಲ್ಲಿ ನಾಲ್ಕು ಹಾಕಬಹುದು, ಹಾಗಾಗಿ 3個. 一般 ಇದ್ದಲ್ಲಿ 二般 ಅಂತ ಪದವೇ ಇಲ್ಲ, ಹಾಗಾಗಿ ಅದು 一般 ಆಗಿಯೇ ಇರಬೇಕು. ಇದನ್ನು ನಾನು ನೆನಪಿಟ್ಟುಕೊಂಡದ್ದು ಕನ್ನಡದಿಂದ. "ನಾಲ್ಕು ಜನ ಏನಂತಾರೆ" ಅಂತೀವಿ ಅಲ್ವಾ? ಅದನ್ನು "4 ಜನ ಏನಂತಾರೆ" ಅಂತ ಯಾರೂ ಬರೆಯುವುದಿಲ್ಲ, "ಐದು ಜನ ಏನಂತಾರೆ" ಅಂದರೆ ಮಾತೇ ಬೇರೆ ಆಗುತ್ತದೆ. "ನಾಲ್ಕು ಜನ ಊಟಕ್ಕೆ ಬರ್ತಾರೆ" ಅಂದಾಗ ಮಾತ್ರ ಅದು ನಿಜವಾದ ಎಣಿಕೆ.

ಆದರೆ ಈ ಪರೀಕ್ಷೆಗೂ ಮಿತಿ ಇದೆ. 一部 ಮುಂದೆ 二部, 三部 ಎರಡೂ ಇರುವ ಪದಗಳೇ, ಹಾಗಾಗಿ ಸುಮ್ನೆ ಪದವನ್ನು ನೋಡಿದರೆ ತಿಳಿಯುವುದಿಲ್ಲ, ಇಡೀ ವಾಕ್ಯ ನೋಡಬೇಕು. ಜೋರಾಗಿ ಓದಿ ನೋಡುವುದೂ ಅರ್ಧ ಮಾತ್ರ ಸಹಾಯ. "ಸಾಕಷ್ಟು" ಎಂಬ ಅರ್ಥದ 十分 ಅನ್ನು ಜೂಬುನ್ ಎಂದೂ ಹತ್ತು ನಿಮಿಷವನ್ನು ಜುಪ್ಪುನ್ ಎಂದೂ ಓದುತ್ತಾರೆ, ಕಿವಿಗೆ ವ್ಯತ್ಯಾಸ ಸಿಗುತ್ತದೆ. ಆದರೆ 一部, 一時, 一度 ಪದಗಳನ್ನು ಓದುವ ಇಚಿಬು, ಇಚಿಜಿ, ಇಚಿದೋ ಮೂರೂ ಎರಡೂ ಅರ್ಥಕ್ಕೆ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ಈಗ ನಾನು "ಸಾಕಷ್ಟು" ಎಂಬಲ್ಲಿ 十分 ಬದಲು, ಗ್ರಾಹಕರ ಶೈಲಿ ಒಪ್ಪಿದರೆ, 充分 ಬರೆಯುತ್ತೇನೆ, ಓದುವುದೂ ಅರ್ಥವೂ ಅದೇ, ಹತ್ತು ಎನ್ನುವ ಅಕ್ಷರವೇ ಇಲ್ಲ. ಒಪ್ಪದಿದ್ದರೆ 十分に ಅಂತ に ಸೇರಿಸುತ್ತೇನೆ. "ಸ್ವಲ್ಪ ಭಾಗ" ಎಂಬಲ್ಲಿ 一部の図面 ಎಂದು ನಾಮಪದದ ಮುಂದೆ ತರುತ್ತೇನೆ.

ಜಪಾನ್ ಸರ್ಕಾರದ ದಾಖಲೆಗಳಿಗೆ 2022ರ ಜನವರಿಯಲ್ಲಿ 「公用文作成の考え方」 ಎಂಬ ಹೊಸ ಮಾರ್ಗದರ್ಶಿ ಬಂತು. ಕಂಪನಿಗಳಿಗೆ ಅದು ಕಡ್ಡಾಯವಲ್ಲ, ಆದರೆ ಗ್ರಾಹಕರು ಏನೂ ಹೇಳದೇ ಇದ್ದಾಗ ನಾನು ಅದನ್ನೇ ಹಿಡಿಯುತ್ತೇನೆ. ಅದರಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಅಂದಾಜು ಸಂಖ್ಯೆಯ ಮಾತು. 四、五人 ಎಂದರೆ ನಾಲ್ಕೈದು ಜನ. ಇದನ್ನು ಅಂಕಿ ಮಾಡಿದರೆ 4、5人 ಆಗುತ್ತದೆ, ನಡುವಿನ ಆ ಗುರುತು ಯಾರ ಕೈಯಲ್ಲಾದರೂ ಬಿದ್ದುಹೋದರೆ 45 ಜನ. ಅಂದಾಜನ್ನು ಕಾಂಜಿಯಲ್ಲೇ ಬಿಡಬೇಕು. ನಾವೂ "ನಾಲ್ಕೈದು" ಅಂತಲೇ ಬರೆಯುತ್ತೇವೆ.

ಇನ್ನು ಎಣಿಕೆ ಪದಗಳು, ಜಪಾನಿಯಲ್ಲಿ ಜೋಸೂಶಿ. ಬೋಲ್ಟಿಗೆ 本, ನಟ್ಟಿಗೆ 個, ವಾಷರಿಗೆ 枚. ಉದ್ದನೆಯದು, ಗುಂಡನೆಯದು, ಚಪ್ಪಟೆಯದು. ಎಲ್ಲಕ್ಕೂ 個 ಅಂತ ಬರೆದರೆ ಓದುವವರಿಗೆ ಅರ್ಥವಾಗುತ್ತದೆ, ದೊಡ್ಡ ನಷ್ಟವೇನಿಲ್ಲ. ಪ್ರಮಾಣವೇ ಬದಲಾಗುವ ಎಣಿಕೆ ಪದಗಳ ಬಗ್ಗೆ ಮಾತ್ರ ನನಗೆ ಭಯ. ಒಮ್ಮೆ ಕೆಲಸದ ಕೈಗವಸುಗಳ ಪಟ್ಟಿಯಲ್ಲಿ 24枚 ಎಂದು ಬರೆದೆ, ಬಟ್ಟೆ ಚಪ್ಪಟೆ ಅಲ್ವಾ ಅಂತ. ಕೈಗವಸಿನ ಜೊತೆಯನ್ನು ಎಣಿಸುವುದು 双 ಎಂಬ ಪದದಲ್ಲಿ. 24双 ಎಂದರೆ ಇಪ್ಪತ್ತನಾಲ್ಕು ಜೊತೆ, 24枚 ಎಂದರೆ ಬಿಡಿ ಬಿಡಿಯಾಗಿ ಇಪ್ಪತ್ತನಾಲ್ಕು, ಅಂದರೆ ಹನ್ನೆರಡೇ ಜೊತೆ. ಮಾರುವವರು ಕಳಿಸುವ ಮೊದಲು ಕೇಳಿದ್ದರಿಂದ ಉಳಿದುಕೊಂಡೆ. ನಮ್ಮಲ್ಲಿ ಚಪ್ಪಲಿಯನ್ನು ಜೊತೆ ಅಂತಲೂ ಹೂವನ್ನು ಮೊಳ ಅಂತಲೂ ಕೇಳುತ್ತೇವೆ. ಎರಡು ಮೊಳ ಹೂವು ಕೊಡಿ ಅನ್ನುವುದಕ್ಕೂ ಎರಡು ಹೂವು ಕೊಡಿ ಅನ್ನುವುದಕ್ಕೂ ಇರುವಷ್ಟೇ ವ್ಯತ್ಯಾಸ ಇದು.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಎಣಿಕೆ ಪದ ಬಿಟ್ಟುಹೋಗುವುದು. 3か月 ಎಂದರೆ ಮೂರು ತಿಂಗಳು. ನಡುವಿನ か ಬಿದ್ದು 3月 ಆದರೆ ಮಾರ್ಚ್. ಗಡುವಿನ ಸಾಲಿನಲ್ಲಿ ಇದು ಆದರೆ ಗ್ರಾಹಕರು ಮಾರ್ಚ್‌ಗೆ ಕಾಯುತ್ತಾರೆ, ನಾವು ಮೂರು ತಿಂಗಳು ಲೆಕ್ಕ ಹಾಕುತ್ತಿರುತ್ತೇವೆ. 5日 ಮತ್ತು 5日間 ಕೂಡ ಹಾಗೇ, ಮೊದಲನೆಯದು ಐದನೇ ತಾರೀಕೂ ಆಗಬಹುದು, ಎರಡನೆಯದು ಐದು ದಿನವೇ. ಜೊತೆಗೆ ಆ ಚಿಕ್ಕ か ಅನ್ನು ಜನ か, カ, ヶ, ケ, ヵ, 箇 ಅಂತ ತಮಗೆ ಬೇಕಾದ ಹಾಗೆ ಬರೆಯುತ್ತಾರೆ, ಒಂದನ್ನು ಹುಡುಕಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ.

ಈಗ ನಾನು ಕಾಂಜಿ ಸಂಖ್ಯೆಗಳ ಮೇಲೆ "ಎಲ್ಲವನ್ನೂ ಬದಲಿಸು" ಒತ್ತುವುದೇ ಇಲ್ಲ. ಪಠ್ಯವನ್ನು ವಿಎಸ್ ಕೋಡ್ ಎಂಬ ಎಡಿಟರ್‌ಗೆ ಹಾಕಿ, ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಆನ್ ಮಾಡಿ, ಕೇವಲ ಹುಡುಕುತ್ತೇನೆ. ವರ್ಡ್‌ನ ವೈಲ್ಡ್‌ಕಾರ್ಡ್‌ಗೆ ಕೆಳಗಿನ ಸಾಲುಗಳು ಅರ್ಥವಾಗುವುದಿಲ್ಲ, ಅದಕ್ಕೇ ಈ ಸುತ್ತು.

```
[一二三四五六七八九十百千〇]+(個|本|枚|台|名|件|回)
[0-9０-９]+(部|時|度|分|般|定|括)
[0-9０-９]+月(?![0-9０-９])
```

ಮೊದಲ ಸಾಲು ಅಂಕಿಯಾಗಬೇಕಿದ್ದು ಕಾಂಜಿಯಾಗಿ ಉಳಿದವನ್ನು ತೋರಿಸುತ್ತದೆ. ಎರಡನೆಯದು ಕಾಂಜಿಯಾಗಿರಬೇಕಿದ್ದು ಅಂಕಿಯಾಗಿಬಿಟ್ಟಿರಬಹುದಾದವನ್ನು, ಅದರಲ್ಲಿ ನಿಜವಾದ ಗಂಟೆ, ನಿಮಿಷ, ಡಿಗ್ರಿಗಳೂ ಬರುತ್ತವೆ, ಹಾಗಾಗಿ ಒಂದೊಂದನ್ನೂ ಓದಲೇಬೇಕು. ಮೂರನೆಯದು ತಾರೀಕು ಇಲ್ಲದ ತಿಂಗಳುಗಳನ್ನು ಹಿಡಿಯುತ್ತದೆ. 3月15日 ಇದ್ದರೆ ಬಿಟ್ಟುಬಿಡುತ್ತದೆ, ಬರೀ 3月 ಇದ್ದರೆ ನಿಲ್ಲಿಸುತ್ತದೆ. ಮೂವತ್ತೆಂಟು ಪುಟದ ಕೈಪಿಡಿಗೆ ಈ ಮೂರು ಸುತ್ತು ಮುಗಿಸಲು ನನಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಮೂಲ ಸ್ಕ್ಯಾನ್ ಮಾಡಿದ್ದಾದರೆ ಇನ್ನೂ ಜಾಸ್ತಿ, ಏಕೆಂದರೆ ಅಲ್ಲಿ ಕಾಂಜಿ 二 ಇರಬೇಕಾದ ಕಡೆ ಅದೇ ರೂಪದ, ಜಪಾನಿಯ ಇನ್ನೊಂದು ಲಿಪಿಯಾದ ಕತಾಕಾನದ ニ ಕೂತಿರುತ್ತದೆ, ಹುಡುಕಾಟಕ್ಕೆ ಅದು ಸಂಖ್ಯೆಯೇ ಅಲ್ಲ.

ನಮ್ಮ ಕಡೆಯಿಂದ ಹೋಗುವ ದರಪಟ್ಟಿಗಳಲ್ಲಿ ಮೊತ್ತವನ್ನು ಬೇರೆಯಾಗಿ ನೋಡುತ್ತೇನೆ. 25 ಲಕ್ಷ ಎಂದರೆ 250万. ಲಕ್ಷಕ್ಕೆ ಅಲ್ಲಿ ಪದವಿಲ್ಲ, ಹತ್ತು ಸಾವಿರ ಎಂಬರ್ಥದ 万 ಅವರ ಮೆಟ್ಟಿಲು. 25,00,000 ಎಂದು ನಮ್ಮ ಅಲ್ಪವಿರಾಮದಲ್ಲಿ ಕಳಿಸಿದರೆ ಅವರು ಸೊನ್ನೆ ಬಿಟ್ಟುಹೋಗಿದೆ ಅಂದುಕೊಳ್ಳುತ್ತಾರೆ, 2,500,000 ಎಂದೇ ಬರೆಯಬೇಕು. ಗಡುವಿನ ವಿಷಯದಲ್ಲಂತೂ 3か月 ಎಂದು ಬರೆದ ಕಡೆಯಲ್ಲೆಲ್ಲಾ ಪಕ್ಕದಲ್ಲೇ ಕೊನೆಯ ದಿನದ ವರ್ಷ, ತಿಂಗಳು, ತಾರೀಕು ಪೂರ್ತಿ ಹಾಕುತ್ತೇನೆ.