ಹಳೆಯ ಸಹಪಾಠಿಗೆ ಮೊದಲ ಸಂದೇಶ: ಏನು ಬರೆಯಬೇಕು, ಏನನ್ನು ಬಿಡಬೇಕು

ಹತ್ತನೇ ತರಗತಿ ಮುಗಿದು ಇಪ್ಪತ್ತೈದು ವರ್ಷ ಕಳೆದ ಮೇಲೆ ಹಳೆಯ ಗೆಳತಿಯ ನಂಬರ್ ಸಿಗುತ್ತದೆ. ನಾಲ್ಕು ಸಾಲು ಬರೆಯುತ್ತೇವೆ, ಅಳಿಸುತ್ತೇವೆ, ನಾಳೆ ನೋಡೋಣ ಎಂದು ಮೊಬೈಲ್ ಕೆಳಗಿಡುತ್ತೇವೆ. ಇದು ಒಬ್ಬಿಬ್ಬರ ಸಂಕೋಚವಲ್ಲ. ಕೆನಡಾದ ಲಾರಾ ಅಕ್ನಿನ್ ಮತ್ತು ಬ್ರಿಟನ್ನಿನ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಎಂಬ ಮನಃಶಾಸ್ತ್ರಜ್ಞೆಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೆಯುವ ಆಸೆಯಿದ್ದು, ವಿಳಾಸವಿದ್ದು, ಅಲ್ಲೇ ಕೂತು ಬರೆಯಲು ಸಮಯ ಕೊಟ್ಟಾಗಲೂ ಹಳೆಯ ಸ್ನೇಹಿತರಿಗೆ ಸಂದೇಶ ಕಳುಹಿಸಿದವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಹಳೆಯ ಗೆಳೆಯರನ್ನು ಸಂಪರ್ಕಿಸಲು ಜನರಿಗಿದ್ದ ಮನಸ್ಸು ಅಪರಿಚಿತರೊಡನೆ ಮಾತನಾಡಲು ಇದ್ದ ಮನಸ್ಸಿಗಿಂತ ಹೆಚ್ಚಿರಲಿಲ್ಲ.

ಸಂದೇಶ ಪಡೆಯುವವರ ಕಡೆಯಿಂದ ನೋಡಿದರೆ ಈ ಅಂಜಿಕೆಯ ಜೊತೆಗೆ ಇನ್ನೊಂದು ಕಷ್ಟವಿದೆ. ಇವತ್ತು ಬೆಂಗಳೂರಿನಲ್ಲಿ ಗೊತ್ತಿಲ್ಲದ ನಂಬರಿನಿಂದ ‘ಹಾಯ್, ಹೇಗಿದ್ದೀಯಾ?’ ಎಂದು ಬಂದರೆ ಯಾರಿಗಾದರೂ ಮೊದಲು ಹೊಳೆಯುವುದು ವಂಚಕರ ಜಾಲ. ಮದುವೆ ಆಮಂತ್ರಣದ ಹೆಸರಿನಲ್ಲಿ, ಒತ್ತಿದರೆ ಮೊಬೈಲಿಗೆ ಆ್ಯಪ್ ಇಳಿಸುವ ಎಪಿಕೆ ಕಡತ ಕಳುಹಿಸಿ ಬ್ಯಾಂಕ್ ಖಾತೆ ಬರಿದು ಮಾಡಿದ ಸುದ್ದಿಗಳನ್ನು ಅವರೂ ಓದಿರುತ್ತಾರೆ. ಹಾಗಾಗಿ ಮೊದಲ ಸಂದೇಶ ಎರಡೇ ಕೆಲಸ ಮಾಡಬೇಕು: ಬರೆದವರು ಯಾರೆಂಬುದರಲ್ಲಿ ಅನುಮಾನ ಉಳಿಯಬಾರದು, ಒಂದು ಸಾಲಿನಲ್ಲಿ ಉತ್ತರಿಸುವಷ್ಟು ಅದು ಹಗುರವಾಗಿರಬೇಕು. ಉಳಿದ ಮಾತುಗಳಿಗೆಲ್ಲ ಎರಡನೆಯ ಸಂದೇಶವಿದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮಂಜುಳಾ ಮತ್ತು ರೇಖಾ 1998ರಲ್ಲಿ ಹನುಮಂತನಗರದ ಒಂದು ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಮಂಜುಳಾ ಈಗ ವಿಜಯನಗರದಲ್ಲಿದ್ದಾರೆ, ರೇಖಾ ಎಲ್ಲಿದ್ದಾರೋ ತಿಳಿಯದು.

ಮೊದಲು ನಂಬರ್ ಅವರದೇ ಎಂದು ಖಚಿತಪಡಿಸಿಕೊಳ್ಳಿ

ಆಟೋಗ್ರಾಫ್ ಪುಸ್ತಕದಲ್ಲಿ ಬರೆದುಕೊಂಡ ಏಳು ಅಂಕಿಯ ದೂರವಾಣಿ ಸಂಖ್ಯೆ ಇದ್ದರೆ ಅದನ್ನು ಪೂರ್ತಿ ಕೈಬಿಡಬೇಡಿ. ಬೆಂಗಳೂರಿನ ಆ ಹಳೆಯ ಸ್ಥಿರ ದೂರವಾಣಿ ಸಂಖ್ಯೆಗಳ ಮುಂದೆ ಆಮೇಲೆ 2 ಸೇರಿಸಿ ಎಂಟಂಕಿ ಮಾಡಿದರು. ಮುಂದೆ 2 ಹಚ್ಚಿ ಕರೆ ಮಾಡಿದರೆ, ಫೋನನ್ನು ಇನ್ನೂ ಉಳಿಸಿಕೊಂಡಿರುವ ಅಪರೂಪದ ಮನೆಯಲ್ಲಿ ಗೆಳತಿಯ ಅಣ್ಣನೋ ಅತ್ತಿಗೆಯೋ ಎತ್ತಬಹುದು. ಹತ್ತು ವರ್ಷ ಹಿಂದಿನ ಮೊಬೈಲ್ ನಂಬರ್ ಅಷ್ಟು ನಂಬಿಕಸ್ಥವಲ್ಲ. ಬಳಕೆ ನಿಂತು ರದ್ದಾದ ನಂಬರನ್ನು ಕನಿಷ್ಠ 90 ದಿನಗಳ ನಂತರ ಕಂಪನಿಗಳು ಬೇರೆಯವರಿಗೆ ಕೊಡಬಹುದು. ನಿಮ್ಮ ಹೃದಯದ ಮಾತು ಯಾವುದೋ ಅಪರಿಚಿತರ ಮೊಬೈಲಿನಲ್ಲಿ ತೆರೆದುಕೊಳ್ಳುವುದು ಬೇಡ.

ಎಲ್ಲಕ್ಕಿಂತ ಒಳ್ಳೆಯ ದಾರಿ ಇಬ್ಬರಿಗೂ ಪರಿಚಯವಿರುವ ಮೂರನೆಯವರು. ಅವರನ್ನು ‘ಅವಳ ನಂಬರ್ ಕೊಡು’ ಎಂದು ಕೇಳುವುದಕ್ಕಿಂತ, ‘ನಾನು ಅವಳಿಗೆ ಬರೆಯಬಹುದೇ ಎಂದು ಒಂದು ಮಾತು ಕೇಳುತ್ತೀಯಾ?’ ಎಂದು ಕೇಳಿ. ಆಗ ಗೆಳತಿಗೆ ಬೇಡ ಎನ್ನುವ ಅವಕಾಶ ಉಳಿಯುತ್ತದೆ. ಇದರಿಂದ ಇನ್ನೊಂದು ಉಪಕಾರವೂ ಇದೆ. ಅವರ ಬದುಕಿನಲ್ಲಿ ದೊಡ್ಡ ಸಾವುನೋವು ಆಗಿದ್ದರೆ ಆ ಮೂರನೆಯವರು ಮುಂಚೆಯೇ ಹೇಳಿಯಾರು.

ಫೇಸ್‌ಬುಕ್ಕಿನಲ್ಲಿ ಹುಡುಕುವಾಗ ಮದುವೆಯ ನಂತರ ಹೆಸರಿನ ಕೊನೆಯ ಭಾಗ ಬದಲಾಗಿರಬಹುದು ಎಂಬುದು ನೆನಪಿರಲಿ. ಸ್ನೇಹಿತರ ಪಟ್ಟಿಯಲ್ಲಿಲ್ಲದವರ ಸಂದೇಶ ಅಲ್ಲಿ ನೇರವಾಗಿ ಕಣ್ಣಿಗೆ ಬೀಳುವುದಿಲ್ಲ, ಮನವಿಗಳ ಬೇರೊಂದು ಪೆಟ್ಟಿಗೆಗೆ ಹೋಗಿ ಕೂರುತ್ತದೆ. ಅಲ್ಲಿ ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ ಅವರು ನೋಡಿಯೇ ಇಲ್ಲದಿರುವ ಸಾಧ್ಯತೆ ಹೆಚ್ಚು.

ನಮ್ಮ ಮಂಜುಳಾಗೆ ರೇಖಾಳ ನಂಬರ್ ಸಿಕ್ಕಿದ್ದು ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ. ಗುಂಪಿನಲ್ಲಿ ರೇಖಾ ಮಾತನಾಡುವುದೇ ಇಲ್ಲ. ಇಂಥವರಿಗೆ ಗುಂಪಿನಲ್ಲೇ ‘ಎಲ್ಲಿದ್ದೀಯೇ ರೇಖಾ?’ ಎಂದು ಎಲ್ಲರೆದುರು ಕೂಗುವುದು ತಪ್ಪು. ನಲವತ್ತು ಜನರ ಮುಂದೆ ಬದುಕಿನ ವರದಿ ಒಪ್ಪಿಸಬೇಕಾದೀತು ಎಂದು ಅವರು ಇನ್ನಷ್ಟು ಹಿಂದೆ ಸರಿಯುತ್ತಾರೆ. ಬೇರೆಯಾಗಿಯೇ ಬರೆಯಿರಿ.

ಬರೆಯುವ ಮೊದಲು ಅವರ ನಂಬರನ್ನು ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಪ್ರೊಫೈಲ್ ಚಿತ್ರ ‘ನನ್ನ ಸಂಪರ್ಕಗಳಿಗೆ ಮಾತ್ರ’ ಎಂದು ನೀವು ಇಟ್ಟಿದ್ದರೆ, ಉಳಿಸಿಕೊಳ್ಳದ ಹೊರತು ಅವರಿಗೆ ನಿಮ್ಮ ಮುಖ ಕಾಣದು, ಬೂದು ಬಣ್ಣದ ಖಾಲಿ ವೃತ್ತವಷ್ಟೇ ಕಾಣುತ್ತದೆ. ಚಿತ್ರವಾಗಿ ದೇವರ ಪಟವನ್ನೋ ಮಗುವಿನ ಫೋಟೊವನ್ನೋ ಹಾಕಿದ್ದರೆ ಒಂದೆರಡು ವಾರ ನಿಮ್ಮದೇ ಮುಖ ಇರಲಿ.

ಬರೆಯುವ ಕ್ರಮ

ಮೊದಲ ಸಾಲಿನಲ್ಲಿ ಅವರ ಹೆಸರು, ನಿಮ್ಮ ಶಾಲೆಯ ದಿನಗಳ ಹೆಸರು, ಶಾಲೆ, ವರ್ಷ, ವಿಭಾಗ. ಅವರು ನಿಮ್ಮನ್ನು ‘ಮಂಜಿ’ ಎಂದು ಕರೆಯುತ್ತಿದ್ದರೆ ಹಾಗೆಯೇ ಬರೆಯಿರಿ, ಏಕೆಂದರೆ ಆ ಹೆಸರು ವಂಚಕರಿಗೆ ಗೊತ್ತಿರುವುದಿಲ್ಲ. ‘ನಾನು ಯಾರು ಹೇಳು ನೋಡೋಣ’ ಎಂಬ ಒಗಟು ಖಂಡಿತ ಬೇಡ. ನೆನಪಾಗದಿದ್ದರೆ ಅವರಿಗೆ ಮುಜುಗರ, ನಿಮಗೆ ನೋವು.

ಎರಡನೆಯ ಸಾಲು ಒಂದು ನೆನಪು. ಇಲ್ಲಿ ಸ್ವಲ್ಪ ಹೊತ್ತು ಕೂತು ಯೋಚಿಸಬೇಕು, ಏಕೆಂದರೆ ಸಂದೇಶದ ಜೀವ ಇರುವುದು ಇಲ್ಲಿಯೇ. ‘ಆ ದಿನಗಳೇ ಚೆನ್ನ’ ಎಂಬುದು ನೆನಪಲ್ಲ, ಯಾರು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ನೀವಿಬ್ಬರೇ ಕಂಡ, ಒಂದು ವಸ್ತುವಿಗೆ ಅಂಟಿಕೊಂಡ, ಒಂದೇ ಒಂದು ಪ್ರಸಂಗ ಬೇಕು. ಮಂಜುಳಾಗೆ ನೆನಪಿರುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ. ಮಾರನೆಯ ದಿನ ರೇಖಾ ಜಾಮಿಟ್ರಿ ಬಾಕ್ಸಿನ ತುಂಬ ಹುರಿದ ಕಡಲೆಕಾಯಿ ತಂದಿದ್ದಳು. ಸಮಾಜ ಪಾಠದ ನಡುವೆ ಬಾಕ್ಸ್ ಕೆಳಗೆ ಬಿದ್ದು ಕಡಲೆಕಾಯಿ ಮೇಷ್ಟರ ಕಾಲಿನವರೆಗೆ ಉರುಳಿತ್ತು. ಇದು ಒಳ್ಳೆಯ ನೆನಪು ಏಕೆಂದರೆ ಇದರಲ್ಲಿ ರೇಖಾಗೆ ಅವಮಾನವಿಲ್ಲ. ಫೇಲಾದದ್ದು, ಪ್ರೇಮಪತ್ರ, ಬಡತನ, ಅಡ್ಡಹೆಸರು ಇವು ನಿಮಗೆ ತಮಾಷೆಯಾಗಿ ಕಂಡರೂ ಅವರಿಗೆ ಗಾಯವಾಗಿರಬಹುದು, ಮೊದಲ ಸಂದೇಶದಲ್ಲಿ ಮುಟ್ಟಬೇಡಿ.

ಮೂರನೆಯದು, ಇಷ್ಟು ವರ್ಷ ಇಲ್ಲದ್ದು ಈಗೇಕೆ ಎಂಬುದಕ್ಕೆ ಕಾರಣ. ಇದನ್ನು ಬಿಟ್ಟರೆ ಓದುವವರು ತಾವೇ ಒಂದು ಕಾರಣ ಊಹಿಸುತ್ತಾರೆ: ಸಾಲ, ವಿಮಾ ಪಾಲಿಸಿ, ಸೈಟು, ಮಗಳಿಗೆ ಕೆಲಸ. ನಂಬರ್ ಹೇಗೆ ಸಿಕ್ಕಿತು ಎಂಬುದನ್ನೂ ಇಲ್ಲೇ ಹೇಳಿಬಿಡಿ. ನಿಜವಾಗಿಯೂ ನಿಮಗೆ ಒಂದು ಸಹಾಯ ಬೇಕಿದ್ದರೆ ಅದನ್ನು ನೆನಪಿನ ಹಿಂದೆ ಬಚ್ಚಿಡಬೇಡಿ, ನೇರವಾಗಿ ಹೇಳಿ. ನಾಲ್ಕು ಸಿಹಿ ಮಾತಾದ ಮೇಲೆ ಐದನೆಯ ದಿನ ಪಾಲಿಸಿ ಹೊರಬಂದರೆ ಆ ಸ್ನೇಹ ಮತ್ತೆ ಕೂಡುವುದಿಲ್ಲ.

ಕೊನೆಯದು, ಉತ್ತರಿಸಲು ಸುಲಭವಾದ ಒಂದು ಪ್ರಶ್ನೆ ಮತ್ತು ಉತ್ತರಿಸದಿರುವ ಸ್ವಾತಂತ್ರ್ಯ. ಇಲ್ಲಿ ನಮ್ಮ ಅಭ್ಯಾಸವೇ ನಮ್ಮನ್ನು ಎಡವಿಸುತ್ತದೆ. ‘ಅಪ್ಪ ಅಮ್ಮ ಹೇಗಿದ್ದಾರೆ? ಯಜಮಾನರು ಏನು ಮಾಡುತ್ತಾರೆ? ಮಕ್ಕಳೆಷ್ಟು?’ ಎಂದು ನಾವು ಉಪಚಾರಕ್ಕೆ ಕೇಳಿಬಿಡುತ್ತೇವೆ. ಇಪ್ಪತ್ತೈದು ವರ್ಷಗಳಲ್ಲಿ ತಂದೆತಾಯಿ ತೀರಿಕೊಂಡಿರಬಹುದು, ಮದುವೆ ಮುರಿದಿರಬಹುದು, ಮಕ್ಕಳಿಲ್ಲದಿರಬಹುದು. ಒಂದೊಂದು ಪ್ರಶ್ನೆಯೂ ಉತ್ತರವನ್ನು ಮುಂದೂಡಲು ಒಂದೊಂದು ಕಾರಣವಾಗುತ್ತದೆ. ‘ಈಗ ಯಾವ ಕಡೆ ಇದ್ದೀಯಾ?’ ಸಾಕು. ‘ಜಯನಗರ’ ಎಂದು ಒಂದೇ ಪದದಲ್ಲಿ ಉತ್ತರಿಸಬಹುದು, ಇಷ್ಟವಿದ್ದರೆ ಮುಂದುವರಿಸಬಹುದು.

ಹೀಗೆ ಕೂಡಿಸಿದರೆ ಮಂಜುಳಾಳ ಸಂದೇಶ ಇಷ್ಟಾಗುತ್ತದೆ:

‘ರೇಖಾ, ನಾನು ಮಂಜಿ, 98ರ ಹತ್ತನೇ ಬಿ ವಿಭಾಗದ ಮಂಜುಳಾ, ಹನುಮಂತನಗರ. ಮೊನ್ನೆ ಪರಿಷೆಗೆ ಹೋಗಿದ್ದೆ. ಸಮಾಜ ಪಾಠದಲ್ಲಿ ನಿನ್ನ ಜಾಮಿಟ್ರಿ ಬಾಕ್ಸಿನಿಂದ ಕಡಲೆಕಾಯಿ ಉರುಳಿದ್ದು ನೆನಪಾಗಿ ಒಬ್ಬಳೇ ನಕ್ಕೆ. ನಮ್ಮ ಬ್ಯಾಚಿನ ಗುಂಪಿನಲ್ಲಿ ನಿನ್ನ ನಂಬರ್ ನೋಡಿ ಬರೆಯುತ್ತಿದ್ದೇನೆ, ಬೇರೆ ಏನೂ ಕೆಲಸವಿಲ್ಲ. ಈಗ ಯಾವ ಕಡೆ ಇದ್ದೀಯಾ? ಬಿಡುವಾದಾಗ ಬರೆದರೆ ಸಾಕು.’

ನೀನು ಎನ್ನಬೇಕೇ, ನೀವು ಎನ್ನಬೇಕೇ? ಶಾಲೆಯಲ್ಲಿ ಹೇಗಿತ್ತೋ ಹಾಗೆಯೇ. ಒಂದೇ ಬೆಂಚಿನ ಗೆಳತಿಗೆ ‘ನೀವು’ ಎಂದರೆ ಅವಳು ದೂರ ನಿಂತಂತೆ ಭಾವಿಸುತ್ತಾಳೆ. ಗಂಡಸರು ಹಳೆಯ ಸಹಪಾಠಿ ಮಹಿಳೆಗೆ ಬರೆಯುವಾಗ ಮಾತ್ರ ‘ನೀವು’ ಎಂದು ಆರಂಭಿಸುವುದು ಕ್ಷೇಮ, ಅವರೇ ಏಕವಚನಕ್ಕೆ ಇಳಿದರೆ ಹಿಂಬಾಲಿಸಬಹುದು. ಸಂದೇಶಕ್ಕೆ ಮುಂಚೆ ಕರೆ ಮಾಡುವುದು, ರಾತ್ರಿ ಹತ್ತರ ಮೇಲೆ ಬರೆಯುವುದು ಗಂಡಸರಿಗೆ ಸಲ್ಲದು.

ಜಗಳವಾಡಿ ದೂರವಾದವರಿಗೆ ಬರೆಯುವುದಾದರೆ ನೆನಪಿನ ಜಾಗದಲ್ಲಿ ಒಂದು ವಾಕ್ಯದ ಕ್ಷಮೆ ಬರಲಿ: ‘ಅವತ್ತು ನಾನು ಹಾಗೆ ಮಾತನಾಡಬಾರದಿತ್ತು.’ ಅದರ ಮುಂದೆ ‘ಆದರೆ ನೀನೂ…’ ಎಂದು ಸೇರಿಸಿದರೆ ಕ್ಷಮೆ ಅಲ್ಲಿಗೇ ಮುಗಿಯಿತು.

ಕಳುಹಿಸುವ ಕ್ಷಣ

ಅಕ್ನಿನ್ ಮತ್ತು ಸ್ಯಾಂಡ್‌ಸ್ಟ್ರಾಮ್ ಅಧ್ಯಯನದಲ್ಲಿ ಹಿಂಜರಿಕೆ ತಗ್ಗಿಸಿದ್ದು ಒಂದು ಸಣ್ಣ ಅಭ್ಯಾಸ. ಒಂದು ಗುಂಪಿನವರಿಗೆ ಮೊದಲು ಮೂರು ನಿಮಿಷ ಈಗಿನ ಸ್ನೇಹಿತರಿಗೆ ಸಂದೇಶ ಬರೆಯಲು ಹೇಳಿದರು, ಇನ್ನೊಂದು ಗುಂಪಿನವರು ಆ ಹೊತ್ತಿನಲ್ಲಿ ಸಾಮಾಜಿಕ ಜಾಲತಾಣ ನೋಡಿದರು. ಆಮೇಲೆ ಹಳೆಯ ಗೆಳೆಯರಿಗೆ ಬರೆದವರು ಮೊದಲ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು, ಎರಡನೆಯದರಲ್ಲಿ ಮೂರನೇ ಒಂದು ಭಾಗಕ್ಕೂ ಕಡಿಮೆ. ನೀವೂ ಹಾಗೆಯೇ ತಂಗಿಗೋ ಕಚೇರಿಯ ಗೆಳತಿಗೋ ಎರಡು ಸಂದೇಶ ಕಳುಹಿಸಿ, ಆ ಓಟದಲ್ಲೇ ರೇಖಾಗೂ ಕಳುಹಿಸಿಬಿಡಿ. ಫೋಟೊ, ಲಿಂಕ್, ಧ್ವನಿ ಸಂದೇಶ ಯಾವುದನ್ನೂ ಜೊತೆಗೆ ಸೇರಿಸಬೇಡಿ. ಶಾಲೆಯ ಗುಂಪು ಫೋಟೊ ಎಷ್ಟೇ ಚೆನ್ನಾಗಿದ್ದರೂ ಅದು ಉತ್ತರ ಬಂದ ಮೇಲೆ.

ಆಮೇಲೆ

ವಾಟ್ಸ್ಆ್ಯಪಿನಲ್ಲಿ ಒಂದೇ ಬೂದು ಗುರುತು ದಿನಗಟ್ಟಲೆ ನಿಂತರೆ ಸಂದೇಶ ತಲುಪಿಲ್ಲ. ಮೊಬೈಲ್ ಬಂದ್ ಆಗಿರಬಹುದು, ನಿಮ್ಮನ್ನು ಬ್ಲಾಕ್ ಮಾಡಿರಲೂಬಹುದು, ಗುರುತು ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಎರಡು ಬೂದು ಎಂದರೆ ತಲುಪಿದೆ. ಅದು ನೀಲಿಯಾಗದಿದ್ದರೆ ಓದಿಲ್ಲ ಎಂದೇ ಅರ್ಥವಲ್ಲ, ಓದಿದ ಗುರುತನ್ನು ಅನೇಕರು ಬಂದ್ ಮಾಡಿಟ್ಟಿರುತ್ತಾರೆ. ನೀಲಿಯಾಗಿ ಮೌನವಿದ್ದರೂ ಅದು ತಿರಸ್ಕಾರವೆಂದು ತೀರ್ಮಾನಿಸಬೇಡಿ. ಇಂಥ ಸಂದೇಶಕ್ಕೆ ‘ನಿಧಾನವಾಗಿ, ಚೆನ್ನಾಗಿ ಉತ್ತರ ಬರೆಯಬೇಕು’ ಎಂದುಕೊಂಡು ಬಿಟ್ಟವರು ನಮ್ಮಲ್ಲಿ ಬಹಳ.

ಮೂರು ನಾಲ್ಕು ವಾರ ಬಿಟ್ಟು ಒಮ್ಮೆ ಮತ್ತೆ ಬರೆಯಬಹುದು. ಯುಗಾದಿಯೋ ಸಂಕ್ರಾಂತಿಯೋ ಹತ್ತಿರವಿದ್ದರೆ ಅವರ ಹೆಸರು ಹಾಕಿ, ನೀವೇ ಬರೆದ ಒಂದು ಸಾಲಿನ ಶುಭಾಶಯ ಸಾಕು. ಹಿಂದಿನ ಸಂದೇಶದ ಪ್ರಸ್ತಾಪ ಬೇಡ, ‘ಮರೆತೇಬಿಟ್ಟೆಯಾ’ ಎಂಬ ದೂರಂತೂ ಬೇಡವೇ ಬೇಡ. ಅದಕ್ಕೂ ಉತ್ತರ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ. ಬೇರೆ ನಂಬರಿನಿಂದ, ಅವರ ಮನೆಯವರ ಮೂಲಕ ಪ್ರಯತ್ನಿಸುವುದು ಸ್ನೇಹವಲ್ಲ, ಕಿರುಕುಳ.

ಉತ್ತರ ಬಂದಿತು ಎಂದುಕೊಳ್ಳೋಣ: ‘ಅಯ್ಯೋ ಮಂಜಿ! ನಾನು ಯಲಹಂಕದಲ್ಲಿದ್ದೇನೆ ಕಣೇ.’ ಸಂತೋಷದ ಭರದಲ್ಲಿ ಕೂಡಲೇ ಕರೆ ಒತ್ತುವುದು, ಬ್ಯಾಚಿನ ಗುಂಪಿನಲ್ಲಿ ‘ರೇಖಾ ಸಿಕ್ಕಳು’ ಎಂದು ಸಾರುವುದು ಎರಡೂ ಬೇಡ. ಅವಳು ಬರೆದಷ್ಟೇ ಉದ್ದಕ್ಕೆ ಉತ್ತರಿಸಿ, ನಿಮ್ಮ ಬಗ್ಗೆ ಎರಡು ಸಂಗತಿ ಹೇಳಿ, ಈಗ ಆ ಗುಂಪು ಫೋಟೊ ಕಳುಹಿಸಿ. ‘ಮಾತನಾಡಬೇಕು ಅನಿಸುತ್ತಿದೆ, ನಿನಗೆ ಯಾವಾಗ ಅನುಕೂಲ?’ ಎಂದು ಕೇಳಿ ಸಮಯ ಅವಳಿಗೇ ಬಿಡಿ. ಭೇಟಿಯ ಮಾತು ಬಂದರೆ ಯಲಹಂಕದಿಂದ ವಿಜಯನಗರಕ್ಕೆ ಅವಳನ್ನು ಕರೆಸಬೇಡಿ. ಇಬ್ಬರಿಗೂ ನಡುವಿನ ಮಲ್ಲೇಶ್ವರದಲ್ಲಿ, ಭಾನುವಾರ ಬೆಳಿಗ್ಗೆ, ಕೂತು ಮಾತನಾಡಲು ಬಿಡುವ ಹೋಟೆಲನ್ನು ಹುಡುಕಿ. ಹಿಂದೆ ಜನ ಟೇಬಲ್ಲಿಗಾಗಿ ಕಾಯುತ್ತ ನಿಲ್ಲುವ ಜಾಗದಲ್ಲಿ ದೋಸೆ ಎಷ್ಟೇ ಚೆನ್ನಾಗಿದ್ದರೂ ಇಪ್ಪತ್ತೈದು ವರ್ಷದ ಮಾತು ಹತ್ತು ನಿಮಿಷದಲ್ಲಿ ಮುಗಿಸಬೇಕಾಗುತ್ತದೆ.