ಚೌಕದ ನೋಟ್‌ಬುಕ್‌ನಲ್ಲಿ ರೌಂಡ್ ರಾಬಿನ್

ಕಲಬುರಗಿಯಲ್ಲಿ ಬಿಸಿಎ ಓದುವಾಗ ಆಪರೇಟಿಂಗ್ ಸಿಸ್ಟಮ್ ಸ್ಲೈಡ್‌ನ ಒಂದು ಲೆಕ್ಕ ನನ್ನನ್ನು ಎರಡು ಸಂಜೆ ಕೂರಿಸಿತ್ತು. ರೌಂಡ್ ರಾಬಿನ್, ಅಂದರೆ P1, P2, P3 ಎಂಬ ಮೂರು ಪ್ರೋಸೆಸ್‌ಗಳಿಗೆ ಸರದಿಯಂತೆ ಸ್ವಲ್ಪ ಸ್ವಲ್ಪ ಹೊತ್ತು ಸಿಪಿಯು ಕೊಡುವ ಪದ್ಧತಿ. ಒಂದು ಸರದಿಗೆ ಸಿಗುವ ಗರಿಷ್ಠ ಸಮಯ, ಅಂದರೆ ಕ್ವಾಂಟಮ್, 3. P1 ಬರೋದು 0ಕ್ಕೆ, ಅದಕ್ಕೆ 5 ಘಟಕ ಸಿಪಿಯು ಬೇಕು. P2 1ಕ್ಕೆ ಬರುತ್ತದೆ, ಬೇಕಾದದ್ದು 3. P3 3ಕ್ಕೆ ಬರುತ್ತದೆ, ಬೇಕಾದದ್ದು 4. ಸರಾಸರಿ ಕಾಯುವ ಸಮಯ 4.33 ಎಂದು ಉತ್ತರ ಕೊಟ್ಟಿದ್ದರು. ನನಗೆ ಬಂದದ್ದು 1.67.

ಪ್ರತಿ ಪ್ರೋಸೆಸ್ ಮೊದಲ ಸಲ ಸಿಪಿಯು ಹಿಡಿಯೋವರೆಗೆ ಎಷ್ಟು ಕಾದಿತು ಅಂತಷ್ಟೇ ನೋಡಿ 0, 2, 3 ಎಂದು ಬರೆದಿದ್ದೆ. ಬಂದ ಸರದಿಯಲ್ಲೇ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಪದ್ಧತಿಯಲ್ಲಿ ಅದು ಸರಿ. ಇಲ್ಲಿ ಕೆಲಸ ಅರ್ಧಕ್ಕೆ ನಿಂತು ಪ್ರೋಸೆಸ್ ಮತ್ತೆ ಸಾಲಿಗೆ ಹೋಗುತ್ತದೆ, ಅಲ್ವಾ? ಆ ಎರಡನೇ ಕಾಯುವಿಕೆ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಆಗ ಗಣಿತದ ಚೌಕದ ನೋಟ್‌ಬುಕ್ ತೆಗೆದೆ. ಒಂದು ಚೌಕ ಅಂದರೆ ಒಂದು ಘಟಕ ಸಮಯ, ಒಂದು ಪ್ರೋಸೆಸ್‌ಗೆ ಒಂದು ಸಾಲು. ಓಡುತ್ತಿದ್ದರೆ #, ಬಂದು ಕಾಯುತ್ತಿದ್ದರೆ ಚುಕ್ಕಿ, ಇನ್ನೂ ಬಂದಿಲ್ಲದಿದ್ದರೆ ಖಾಲಿ.

```
P1 ###......##
P2  ..###
P3    ...###..#
```

ಈಗ ಸುಮ್ನೆ ಚುಕ್ಕಿ ಎಣಿಸಿದರೆ ಸಾಕು. P1ಕ್ಕೆ 6, P2ಕ್ಕೆ 2, P3ಕ್ಕೆ 5. ಒಟ್ಟು 13, ಮೂರರಿಂದ ಭಾಗಿಸಿದರೆ 4.33. ತಾಳೆ ನೋಡೋದೂ ಸುಲಭ. ಮೇಲಿಂದ ಕೆಳಗೆ ಯಾವ ಕಾಲಂನಲ್ಲಿ ನೋಡಿದರೂ ಒಂದೇ # ಇರಬೇಕು, ಮತ್ತು P1ರ ಸಾಲಿನಲ್ಲಿ ಸರಿಯಾಗಿ 5 # ಇರಬೇಕು. ಮುಗಿದ ಸಮಯದಿಂದ ಬಂದ ಸಮಯವನ್ನೂ ಓಡಿದ ಸಮಯವನ್ನೂ ಕಳೆದರೂ ಇದೇ ಬರುತ್ತದೆ: P3ಕ್ಕೆ 12 - 3 - 4 = 5.

ಮರುವರ್ಷ ಕೋಣೆಗೆ ಬಂದ ಜೂನಿಯರ್ ಹುಡುಗಿ ಇದೇ ಲೆಕ್ಕ ಹಿಡಿದು ಕೇಳಿದಳು, "ಅಕ್ಕಾ, ನಂಗ ಯಾಕ 3.33 ಬರ್ತದ?" ಅವಳ ಚೌಕಗಳಲ್ಲಿ ಒಂದು # ಕೂಡ ತಪ್ಪಿರಲಿಲ್ಲ. ಗೊಂದಲ ಇದ್ದದ್ದು 3ನೇ ಗಳಿಗೆಯಲ್ಲಿ. P1ರ ಕ್ವಾಂಟಮ್ ಮುಗಿಯೋದೂ ಆಗಲೇ, P3 ಬರೋದೂ ಆಗಲೇ. ಸಾಲಿನಲ್ಲಿ ಯಾರು ಮುಂದೆ? ಅವಳು P1ನ್ನು ಮುಂದೆ ನಿಲ್ಲಿಸಿದ್ದಳು. ಹಾಗೆ ಮಾಡಿದರೆ P1 6ರಿಂದ 8ಕ್ಕೆ ಮುಗಿಯುತ್ತದೆ, ಅದು ಕಾಯೋದು 3 ಅಷ್ಟೇ. ಸ್ಲೈಡ್‌ನವರು ಹೊಸದಾಗಿ ಬಂದ P3ನ್ನು ಮುಂದೆ ಇಟ್ಟಿದ್ದರು. ಪರೀಕ್ಷೆಯ ಲೆಕ್ಕಗಳಲ್ಲಿ ಜಾಸ್ತಿ ಹಿಡಿಯೋದು ಇದನ್ನೇ. ಆದರೆ ಸ್ಲೈಡ್‌ನಲ್ಲಿ ಎಲ್ಲೂ ಬರೆದಿರಲಿಲ್ಲ, ಅದು ತಪ್ಪೇ ಸರಿ.

ಅಂದಿನಿಂದ ಟೈಮ್‌ಲೈನ್ ಕೆಳಗೆ ಪ್ರತಿ ಬದಲಾವಣೆಯ ಗಳಿಗೆಯಲ್ಲೂ ರೆಡಿ ಕ್ಯೂ, ಅಂದರೆ ಸಿಪಿಯುಗಾಗಿ ಕಾಯುವವರ ಸಾಲು, ಬರೆಯುತ್ತೇನೆ. 3ರಲ್ಲಿ: P2, P3, P1. ಪ್ರೋಸೆಸ್ ಡಿಸ್ಕ್‌ಗಾಗಿ ನಿಂತಿದ್ದರೆ ಚುಕ್ಕಿ ಹಾಕೋದಿಲ್ಲ, ಅಡ್ಡಗೆರೆ ಎಳೆಯುತ್ತೇನೆ. ಆಗ ಅದು ರೆಡಿ ಕ್ಯೂನಲ್ಲೇ ಇರೋದಿಲ್ಲ, ಕಾಯುವ ಸಮಯಕ್ಕೆ ಸೇರೋದೂ ಇಲ್ಲ.